ಫೋಟೊದಲ್ಲಿರುವ ಮಿಂಚುಳ್ಳಿ ಯಾವುದು? ನೀಲಿಯನ್ನು ಕೊನೆಗೆ ನೋಡಿ

ಮಿಂಚುಳ್ಳಿಯ ಫೋಟೊ ಕಳಿಸಿ "ಇದು ಯಾವುದು?" ಎಂದು ಕೇಳುವವರಲ್ಲಿ ಹೆಚ್ಚಿನವರು ತಾವೇ ಒಂದು ಹೆಸರು ಊಹಿಸಿರುತ್ತಾರೆ. ಆ ಊಹೆ ತಪ್ಪುವ ದಾರಿಯೂ ಒಂದೇ. ಮೊದಲು ನೀಲಿ ಬಣ್ಣ ನೋಡುತ್ತಾರೆ, ಆ ನೀಲಿ ಯಾವ ಪುಸ್ತಕದ ಚಿತ್ರಕ್ಕೆ ಹೊಂದುತ್ತದೆ ಎಂದು ಹುಡುಕುತ್ತಾರೆ. ಸಿಕ್ಕಿಬಿಟ್ಟರೆ ಮುಗಿಯಿತು, ಕೊಕ್ಕು ಕೂಡ ನೋಡುವುದಿಲ್ಲ. ಫೋಟೊದಲ್ಲಿ ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ಆ ನೀಲಿಯೇ. ಹಾಗಾಗಿ ಇಲ್ಲಿ ಅದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಕ್ರಮ ಹೀಗಿದೆ: ಗಾತ್ರ, ಕೊಕ್ಕು, ನೆತ್ತಿ, ಆಮೇಲೆ ಬೆನ್ನು.

ಇದು ಮುಖ್ಯವಾಗಿ ಕರ್ನಾಟಕದಲ್ಲಿ ತೆಗೆದ ಫೋಟೊಗಳಿಗೆ. ಒಂದೇ ಹಕ್ಕಿಗೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಕನ್ನಡ ಹೆಸರು ಇರುವುದರಿಂದ ನಾನು ಯಾವುದನ್ನು ಏನೆಂದು ಕರೆಯುತ್ತೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಕಾಮನ್ ಕಿಂಗ್‌ಫಿಷರ್ ಎಂದರೆ ಕಿರು ಮಿಂಚುಳ್ಳಿ. ಬ್ಲೂ ಇಯರ್ಡ್ ಎಂದರೆ ನೀಲಿಕಿವಿ. ವೈಟ್ ಥ್ರೋಟೆಡ್ ಎಂದರೆ ಗದ್ದೆ ಮಿಂಚುಳ್ಳಿ. ಸ್ಟಾರ್ಕ್ ಬಿಲ್ಡ್ ಎಂದರೆ ಹೆಮ್ಮಿಂಚುಳ್ಳಿ. ಬ್ಲ್ಯಾಕ್ ಕ್ಯಾಪ್ಡ್ ಎಂದರೆ ಕರಿತಲೆ. ಪೈಡ್ ಎಂದರೆ ಕಪ್ಪು ಬಿಳಿ ಮಿಂಚುಳ್ಳಿ. ಇನ್ನು ಓರಿಯೆಂಟಲ್ ಡ್ವಾರ್ಫ್ ಕಿಂಗ್‌ಫಿಷರ್ ಇದೆ. ಕ್ಯಾಮೆರಾ ಹಿಡಿದವರೆಲ್ಲ ಅದನ್ನು ಓಡಿಕೆ ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ.

## ಕೂರುವ ಮುಂಚೆ ಏನೇನು ಬೇಕು

ಮೂಲ ಫೋಟೊ ಬೇಕು. ವಾಟ್ಸಾಪ್‌ನಲ್ಲಿ ಎರಡು ಗುಂಪು ಸುತ್ತಿ ಬಂದ ಫೋಟೊದಲ್ಲಿ ನೆತ್ತಿಯ ಸಣ್ಣ ಗೆರೆಗಳು ಅಳಿಸಿ ಹೋಗಿರುತ್ತವೆ. ಎರಡು ಪ್ರಭೇದಗಳನ್ನು ಬೇರೆ ಮಾಡಲು ಕೆಲವೊಮ್ಮೆ ಉಳಿಯುವುದು ಆ ಗೆರೆಗಳೇ. ತೆಗೆದವರ ಹತ್ತಿರ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಒಂದು ಫೋಟೊ ಸಾಲದು, ಅದೇ ಹಕ್ಕಿಯ ಮೂರ್ನಾಲ್ಕು ಫ್ರೇಮ್ ಕೇಳಿ. ಅವರು ಕಳಿಸದೆ ಬಿಟ್ಟ "ಚೆನ್ನಾಗಿ ಬಂದಿಲ್ಲ" ಎನ್ನುವ ಫ್ರೇಮ್‌ನಲ್ಲೇ ಎಷ್ಟೋ ಸಲ ಕಿವಿಯ ಜಾಗ ಸ್ಪಷ್ಟವಾಗಿ ಕಾಣುತ್ತದೆ.

ಜೊತೆಗೆ ಎಕ್ಸ್‌ಪೋಷರ್ ಏರಿಸಿ ಇಳಿಸಲು ಬರುವ ಯಾವುದಾದರೂ ಒಂದು ಆ್ಯಪ್ ಇರಲಿ. ಸ್ಯಾಚುರೇಶನ್ ಮಾತ್ರ ಮುಟ್ಟಬೇಡಿ. ಫೋಟೊವನ್ನು ಆಗಲೇ ಎಡಿಟ್ ಮಾಡಿದ್ದರೆ ಎಡಿಟ್ ಆಗದ ಪ್ರತಿಯನ್ನು ಕೇಳಿ. ಪಿಕ್ಸೆಲ್ ಅಳೆಯಲು ಬಂದರೆ ಒಳ್ಳೆಯದು, ಇಲ್ಲದಿದ್ದರೆ ಪರದೆಯ ಮೇಲೆ ಸ್ಕೇಲ್ ಇಟ್ಟರೂ ನಡೆಯುತ್ತದೆ. ನಮಗೆ ಬೇಕಿರುವುದು ಅನುಪಾತ, ಅಷ್ಟೇ.

## ಹಂತ 1: ಗಾತ್ರ

ದೊಡ್ಡ ಲೆನ್ಸಿನಲ್ಲಿ ತೆಗೆದ ಫೋಟೊದಲ್ಲಿ ಎಲ್ಲ ಹಕ್ಕಿಯೂ ದೊಡ್ಡದೇ. ಚೌಕಟ್ಟು ತುಂಬಿಕೊಂಡಿದೆ ಎಂದ ಮಾತ್ರಕ್ಕೆ ಹೆಮ್ಮಿಂಚುಳ್ಳಿ ಆಗುವುದಿಲ್ಲ. ಗಾತ್ರ ತಿಳಿಯಲು ಎರಡು ದಾರಿ ಇವೆ. ಒಂದು, ಹಕ್ಕಿ ಕೂತಿರುವ ವಸ್ತು. ಇನ್ನೊಂದು, ಹಕ್ಕಿಯದೇ ಮೈಕಟ್ಟು.

ಮೊದಲು ಮನಸ್ಸಿನಲ್ಲಿ ಮೂರು ಗುಂಪು ಮಾಡಿಕೊಳ್ಳಿ. ಓಡಿಕೆ ಸುಮಾರು 13 ಸೆಂ.ಮೀ., ಕಿರು ಮಿಂಚುಳ್ಳಿ ಮತ್ತು ನೀಲಿಕಿವಿ ಸುಮಾರು 16 ಸೆಂ.ಮೀ. ಇವು ಗುಬ್ಬಚ್ಚಿ ಅಳತೆಯವು. ಗದ್ದೆ ಮಿಂಚುಳ್ಳಿ, ಕರಿತಲೆ, ಕಪ್ಪು ಬಿಳಿ ಮೂರೂ 25ರಿಂದ 30 ಸೆಂ.ಮೀ. ಆಸುಪಾಸು, ಅಂದರೆ ಗೊರವಂಕಕ್ಕಿಂತ ಸ್ವಲ್ಪ ದೊಡ್ಡವು. ಹೆಮ್ಮಿಂಚುಳ್ಳಿ 35 ಸೆಂ.ಮೀ. ದಾಟುತ್ತದೆ, ಪಾರಿವಾಳಕ್ಕಿಂತ ಉದ್ದ. ಈ ಹಂತದಲ್ಲಿ ಹೆಸರು ಬೇಡ. ಗುಬ್ಬಚ್ಚಿಯೋ, ಗೊರವಂಕವೋ, ಪಾರಿವಾಳವೋ ಎಂದು ಗೊತ್ತಾದರೆ ಸಾಕು.

ಕೂತ ವಸ್ತುವಿನ ಅಳತೆ ಗೊತ್ತಿದ್ದರೆ ಕೆಲಸ ಸಲೀಸು. ತೋಟದ ಬದಿಯಲ್ಲಿ ನೆಟ್ಟ ನಾಲ್ಕಿಂಚಿನ ಪಿ.ವಿ.ಸಿ. ಪೈಪು ನನಗೆ ತುಂಬ ಇಷ್ಟ, ಏಕೆಂದರೆ ಅದರ ಹೊರ ಅಡ್ಡಳತೆ 110 ಮಿ.ಮೀ. ಎಂದು ಖಚಿತವಾಗಿ ಗೊತ್ತು. ಹಕ್ಕಿ ಆ ಪೈಪಿನ ಮೇಲೇ ಕೂತಿರಬೇಕು. ಹಿಂದೆ ಎಲ್ಲೋ ಕಾಣುವ ಪೈಪಿನಿಂದ ಲೆಕ್ಕ ಹಾಕಿದರೆ ಉತ್ತರ ಎಲ್ಲಿಗೋ ಹೋಗುತ್ತದೆ. ಬಾಯಲ್ಲಿರುವ ಮೀನಿನಿಂದ ಅಂದಾಜು ಮಾಡುವವರಿದ್ದಾರೆ. ಮೀನು ಎಷ್ಟು ದೊಡ್ಡದು ಎಂದು ಯಾರು ಕಂಡರು? ಅದನ್ನು ಬಿಟ್ಟುಬಿಡಿ. ಜೊಂಡಿನ ಎಲೆ, ಕೆಸುವಿನ ಎಲೆ ಕೂಡ ಒಂದೊಂದು ಒಂದೊಂದು ಅಳತೆ ಇರುತ್ತವೆ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಪುಸ್ತಕದಲ್ಲಿ 16 ಸೆಂ.ಮೀ. ಎಂದು ಬರೆದಿದ್ದರೆ ಅದು ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ, ಹಕ್ಕಿಯನ್ನು ಉದ್ದಕ್ಕೆ ಮಲಗಿಸಿದರೆ ಬರುವ ಅಳತೆ. ಕೂತ ಹಕ್ಕಿ ಹಾಗಿರುವುದಿಲ್ಲ. ಅದರ ಮೈ ನೆಟ್ಟಗೆ, ಕೊಕ್ಕು ಅಡ್ಡಕ್ಕೆ. ನೆತ್ತಿಯಿಂದ ಬಾಲದ ತುದಿಯವರೆಗೆ ಅಳೆದು 12 ಸೆಂ.ಮೀ. ಬಂತು, ಆದ್ದರಿಂದ ಓಡಿಕೆ ಎಂದು ತೀರ್ಮಾನಿಸಿದವರನ್ನು ನೋಡಿದ್ದೇನೆ. ಮೈಯ ಅಳತೆಗೆ ಕೊಕ್ಕಿನ ಉದ್ದವನ್ನೂ ಸೇರಿಸಬೇಕು. ಸೇರಿಸಿದರೂ ಅದು ಅಂದಾಜೇ, ಒಂದೆರಡು ಸೆಂ.ಮೀ. ಆಚೀಚೆ ಇದ್ದೇ ಇರುತ್ತದೆ. ಗುಬ್ಬಚ್ಚಿ ಗುಂಪನ್ನು ಗೊರವಂಕ ಗುಂಪಿನಿಂದ ಬೇರೆ ಮಾಡಲು ಅಷ್ಟು ಸಾಕು. 13ನ್ನು 16ರಿಂದ ಬೇರೆ ಮಾಡಲು ಸಾಲದು.

ಅಳತೆಗೆ ಏನೂ ಸಿಗಲಿಲ್ಲ ಎಂದುಕೊಳ್ಳಿ, ಸುಮ್ನೆ ಒಂದು ಕೊಂಬೆ, ಹಿಂದೆ ಹಸಿರು ಮಬ್ಬು. ಆಗ ಮೈಕಟ್ಟು ನೋಡಿ. ಚಿಕ್ಕವುಗಳಿಗೆ ಬಾಲ ಇದೆಯೋ ಇಲ್ಲವೋ ಎಂಬಷ್ಟು ಮೋಟು, ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕೊಕ್ಕು ಕತ್ತಿಯಂತೆ ತೆಳ್ಳಗೆ. ಗದ್ದೆ ಮಿಂಚುಳ್ಳಿಗೆ ಬಾಲ ಚೆನ್ನಾಗಿ ಕೆಳಗೆ ಇಳಿದಿರುತ್ತದೆ. ಹೆಮ್ಮಿಂಚುಳ್ಳಿಯಲ್ಲಿ ಕಣ್ಣು ಮೊದಲು ಹೋಗುವುದೇ ಕೊಕ್ಕಿನ ಬುಡಕ್ಕೆ. ಆ ಬುಡ ಎಷ್ಟು ದಪ್ಪ ಎಂದರೆ ಹಣೆಯೇ ಕೊಕ್ಕಾಗಿ ಮುಂದೆ ಬಂದಂತೆ ಕಾಣುತ್ತದೆ, ಬೇರೆ ಯಾವ ನಮ್ಮ ಮಿಂಚುಳ್ಳಿಗೂ ಹಾಗಿಲ್ಲ.

## ಹಂತ 2: ಕೊಕ್ಕಿನ ಬಣ್ಣ

ಈಗ ಕೊಕ್ಕು. ಇದನ್ನು ಎರಡು ಭಾಗವಾಗಿ ನೋಡಬೇಕು, ಮೇಲ್ಕೊಕ್ಕು ಬೇರೆ, ಕೆಳಕೊಕ್ಕು ಬೇರೆ. "ಕೊಕ್ಕು ಕೆಂಪು" ಎಂದು ಒಂದೇ ಮಾತಿನಲ್ಲಿ ಬರೆದುಕೊಂಡರೆ ಮುಂದೆ ಕಷ್ಟ.

ಗೊರವಂಕ ಗುಂಪಿನಲ್ಲಿ ಕೊಕ್ಕು ಪೂರ್ತಿ ಕಪ್ಪಾಗಿದ್ದು ಮೈಯೆಲ್ಲ ಕಪ್ಪು ಬಿಳಿ ಇದ್ದರೆ ಅದು ಕಪ್ಪು ಬಿಳಿ ಮಿಂಚುಳ್ಳಿ, ಮುಂದಿನ ಹಂತಗಳು ಅದಕ್ಕೆ ಬೇಡ. ಎದೆಯ ಮೇಲೆ ಎರಡು ಕಪ್ಪು ಪಟ್ಟಿ ಇದ್ದರೆ ಗಂಡು, ನಡುವೆ ತುಂಡಾದ ಒಂದೇ ಪಟ್ಟಿ ಇದ್ದರೆ ಹೆಣ್ಣು. ಹಿಮಾಲಯದ ಕಡೆಗೆ ಪ್ರವಾಸ ಹೋಗಿ ತೆಗೆದ ಫೋಟೊ ಆದರೆ ಮಾತ್ರ ಹುಷಾರು. ಅಲ್ಲಿ ಕ್ರೆಸ್ಟೆಡ್ ಕಿಂಗ್‌ಫಿಷರ್ ಎಂಬ ಇನ್ನೊಂದು ಕಪ್ಪು ಬಿಳಿ ಹಕ್ಕಿ ಇದೆ. ಅದು 40 ಸೆಂ.ಮೀ.ಗೂ ದೊಡ್ಡದು, ತಲೆಯ ಮೇಲೆ ಕೆದರಿದ ದೊಡ್ಡ ಜುಟ್ಟು, ಬೆನ್ನಿನ ತುಂಬ ಸಣ್ಣ ಗೆರೆ. ನಮ್ಮದಕ್ಕೆ ಕಣ್ಣಿನ ಮೇಲೆ ಬಿಳಿ ಹುಬ್ಬು ಎದ್ದು ಕಾಣುತ್ತದೆ, ಅದಕ್ಕೆ ಆ ಹುಬ್ಬು ಇಲ್ಲ.

ಗೊರವಂಕ ಅಥವಾ ಪಾರಿವಾಳ ಅಳತೆ, ಕೊಕ್ಕು ಮೇಲೂ ಕೆಳಗೂ ಕೆಂಪು ಎಂದಾದರೆ ಗದ್ದೆ ಮಿಂಚುಳ್ಳಿ, ಕರಿತಲೆ, ಹೆಮ್ಮಿಂಚುಳ್ಳಿ ಮೂರೂ ಉಳಿಯುತ್ತವೆ. ಅವನ್ನು ಬೇರೆ ಮಾಡುವುದು ನೆತ್ತಿ, ಕೊಕ್ಕಲ್ಲ.

ಚಿಕ್ಕ ಹಕ್ಕಿ, ಕೊಕ್ಕು ಪೂರ್ತಿ ಕೆಂಪು ಕಿತ್ತಳೆ, ಹೊಟ್ಟೆ ಹಳದಿ ಕಿತ್ತಳೆ, ತಲೆಯಲ್ಲಿ ನೇರಳೆ ಛಾಯೆ ಎಂದಾದರೆ ಓಡಿಕೆ. ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ಕಾಡಿನಲ್ಲಿ ಗೂಡು ಮಾಡುವ ಹಕ್ಕಿ ಇದು. ಎಳೆಯ ಮರಿಯ ಕೊಕ್ಕು ಮಾಸಲು, ಹೊಟ್ಟೆಯೂ ಬಿಳಿಚಿಕೊಂಡಿರುತ್ತದೆ.

ಚಿಕ್ಕ ಹಕ್ಕಿ, ಕೊಕ್ಕು ಪೂರ್ತಿ ಕಪ್ಪು ಅಥವಾ ಮೇಲೆ ಕಪ್ಪು ಕೆಳಗೆ ಕಿತ್ತಳೆ ಇದ್ದರೆ ಕಿರು ಮಿಂಚುಳ್ಳಿ ಇಲ್ಲವೇ ನೀಲಿಕಿವಿ. ಕಿರು ಮಿಂಚುಳ್ಳಿಯ ಗಂಡಿಗೆ ಕಪ್ಪು ಕೊಕ್ಕು, ಹೆಣ್ಣಿಗೆ ಕೆಳಕೊಕ್ಕು ಕಿತ್ತಳೆ ಕೆಂಪು, ಅದರ ತುದಿ ಮಾತ್ರ ಕಪ್ಪು. ಹೆಣ್ಣು ತುಟಿಗೆ ಬಣ್ಣ ಹಚ್ಚಿಕೊಂಡಿದೆ ಎಂದು ನೆನಪಿಟ್ಟುಕೊಳ್ಳುವವರಿದ್ದಾರೆ, ಇಟ್ಟುಕೊಳ್ಳಲಿ. ನೀಲಿಕಿವಿಯಲ್ಲೂ ಹೆಚ್ಚುಕಡಿಮೆ ಇದೇ ರೀತಿ. ಹಾಗಾಗಿ ಕೆಳಕೊಕ್ಕಿನ ಬಣ್ಣ ನೋಡಿ ಗಂಡೋ ಹೆಣ್ಣೋ ಹೇಳಬಹುದು, ಪ್ರಭೇದ ಹೇಳಲು ಬರುವುದಿಲ್ಲ. "ಕೊಕ್ಕಿನಲ್ಲಿ ಕೆಂಪು ಇದೆ, ಅದಕ್ಕೇ ಬೇರೆ ಜಾತಿ" ಎಂದು ಒಂದೇ ಜೋಡಿಯ ಗಂಡು ಹೆಣ್ಣಿಗೆ ಎರಡು ಹೆಸರು ಕೊಡುವುದು ನಾನು ಅತಿ ಹೆಚ್ಚು ಕಂಡ ತಪ್ಪು.

ಕೊಕ್ಕು ಮೋಸ ಮಾಡುವ ಮೂರು ಸಂದರ್ಭಗಳಿವೆ. ಹಿಂದಿನಿಂದ ಬೆಳಕು ಬಿದ್ದರೆ ಕೆಂಪು ಕೊಕ್ಕೂ ಕಪ್ಪಾಗುತ್ತದೆ. ಎಕ್ಸ್‌ಪೋಷರ್ ಏರಿಸಿ ನೋಡಿ, ಆಗಲೂ ತಿಳಿಯದಿದ್ದರೆ ಕಾಲು ನೋಡಿ. ಕಾಲು ಕೆಂಪಗಿದ್ದರೆ ಕನಿಷ್ಠ ಅದು ಕಪ್ಪು ಬಿಳಿ ಮಿಂಚುಳ್ಳಿ ಅಲ್ಲ ಎಂದಾಯಿತು. ಎರಡನೆಯದು ಮಣ್ಣು. ಮಿಂಚುಳ್ಳಿಗಳಲ್ಲಿ ಬಹಳಷ್ಟು ಮಣ್ಣಿನ ದಂಡೆಯಲ್ಲಿ ಬಿಲ ಕೊರೆದು ಗೂಡು ಮಾಡುತ್ತವೆ, ಆ ದಿನಗಳಲ್ಲಿ ಕೊಕ್ಕಿಗೆ ಕೆಸರು ಮೆತ್ತಿಕೊಂಡು ಬಣ್ಣವೇ ಮುಚ್ಚಿಹೋಗಿರುತ್ತದೆ. ಬಣ್ಣದ ಗಡಿ ಅಂಕುಡೊಂಕಾಗಿದ್ದರೆ ಮಣ್ಣೆಂದು ಅನುಮಾನಪಡಿ.

ಮೂರನೆಯದು ಎಳೆಯ ಹಕ್ಕಿ. ಇದರಲ್ಲಿ ನಾನೇ ಮುಗ್ಗರಿಸಿದ್ದೇನೆ. ಗದ್ದೆಯ ಬೇಲಿಗೂಟದ ಮೇಲೆ ಕೂತ ಒಂದು ಹಕ್ಕಿ, ಕೊಕ್ಕು ಕಂದುಗಪ್ಪು, ಬಿಳಿ ಎದೆಯ ಮೇಲೆ ಮೀನಿನ ಹುರುಪೆಯಂತೆ ಮಸುಕು ಗೆರೆ. ಎರಡು ದಿನ ಪುಸ್ತಕ ತಿರುವಿದೆ, ಯಾವುದೋ ಅಪರೂಪದ್ದು ಸಿಕ್ಕಿತು ಎಂದು ಒಳಗೊಳಗೇ ಖುಷಿ ಬೇರೆ. ಅದು ಗೂಡು ಬಿಟ್ಟು ಹೊಸದಾಗಿ ಹೊರಬಂದ ಗದ್ದೆ ಮಿಂಚುಳ್ಳಿಯ ಮರಿ. ಅದಕ್ಕೆ ಕೊಕ್ಕು ಕೆಂಪಾಗಲು ಇನ್ನೂ ಸಮಯ ಬೇಕಿತ್ತು. ಆ ಚಾಕೊಲೇಟ್ ತಲೆಯನ್ನು ಮೊದಲು ನೋಡಿದ್ದರೆ ಎರಡು ದಿನ ಉಳಿಯುತ್ತಿತ್ತು.

## ಹಂತ 3: ನೆತ್ತಿ

ದೊಡ್ಡ ಕೆಂಪು ಕೊಕ್ಕಿನ ಮೂರರಲ್ಲಿ ನೆತ್ತಿಯೇ ತೀರ್ಪು ಕೊಡುತ್ತದೆ. ಇಲ್ಲಿ ನೀಲಿ ಇಲ್ಲ, ಇರುವುದು ಕಂದು, ಕಪ್ಪು, ಬೂದು. ಇವು ಗರಿಯೊಳಗಿನ ನಿಜವಾದ ಬಣ್ಣ. ಬೆಳಕು ಬದಲಾದರೆ ಗಾಢವೋ ತಿಳಿಯೋ ಆಗುತ್ತವೆ, ಬೇರೆ ಬಣ್ಣವೇ ಆಗಿಬಿಡುವುದಿಲ್ಲ.

ಗದ್ದೆ ಮಿಂಚುಳ್ಳಿಯ ತಲೆ ಹಳೆಯ ಹುಣಸೆಹಣ್ಣಿನ ಬಣ್ಣ. ನೆತ್ತಿ, ಕೆನ್ನೆ, ಕತ್ತಿನ ಹಿಂಭಾಗ, ಹೊಟ್ಟೆ ಎಲ್ಲ ಅದೇ ಕಂದು. ಗಂಟಲು ಮತ್ತು ಎದೆ ಮಾತ್ರ ಬಿಳಿ, ಅಂಗಿಗೆ ಕರವಸ್ತ್ರ ಸಿಕ್ಕಿಸಿದ ಹಾಗೆ. ತಲೆಗೂ ಬೆನ್ನಿಗೂ ನಡುವೆ ಬಿಳಿ ಪಟ್ಟಿ ಇಲ್ಲ. ಇದು ಮುಖ್ಯ.

ಕರಿತಲೆಗೆ ನೆತ್ತಿ ಕಡುಗಪ್ಪು. ಅದರ ಕೆಳಗೆ ಕತ್ತಿನ ಸುತ್ತ ಬಿಳಿ ಪಟ್ಟಿ, ಹೊಟ್ಟೆ ತಿಳಿ ಕಿತ್ತಳೆ. ಕತ್ತಲಲ್ಲಿ ತೆಗೆದ ಗದ್ದೆ ಮಿಂಚುಳ್ಳಿಯ ತಲೆಯೂ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಕಪ್ಪು ತಲೆ ಕಂಡ ಕೂಡಲೇ ಕತ್ತಿನ ಹಿಂಭಾಗ ನೋಡಿ. ಬಿಳಿ ಪಟ್ಟಿ ಇಲ್ಲದಿದ್ದರೆ ಕರಿತಲೆ ಅಲ್ಲ, ಮಾತು ಮುಗಿಯಿತು. ನಮ್ಮಲ್ಲಿ ಕರಿತಲೆ ಕರಾವಳಿಯ ಹಕ್ಕಿ. ಅಘನಾಶಿನಿ, ಶರಾವತಿಯಂಥ ನದಿಗಳು ಸಮುದ್ರ ಸೇರುವ ಅಳಿವೆ, ಕಾಂಡ್ಲಾ ಗಿಡಗಳಿರುವ ಕಡೆ ಹುಡುಕಬೇಕಾದದ್ದು. ಬಯಲುಸೀಮೆಯ ಕೆರೆಯ ಫೋಟೊಗೆ ಈ ಹೆಸರು ಕೊಡುವ ಮುಂಚೆ ಎರಡು ಸಲ ನೋಡಿ.

ಹೆಮ್ಮಿಂಚುಳ್ಳಿಯ ನೆತ್ತಿ ಬೂದುಗಂದು, ಜಾಸ್ತಿ ಹಾಲು ಹಾಕಿದ ಕಾಫಿಯ ಹಾಗೆ, ಟೋಪಿ ಇಟ್ಟಂತೆ ಕಣ್ಣಿನ ಮಟ್ಟಕ್ಕೆ ನಿಲ್ಲುತ್ತದೆ. ಅದರ ಕೆಳಗೆ ಕತ್ತು, ಎದೆ, ಹೊಟ್ಟೆ ಎಲ್ಲ ಹಳದಿ ಬೆರೆತ ತಿಳಿ ಕೇಸರಿ. ರಂಗನತಿಟ್ಟಿನ ದೋಣಿಯಿಂದ ತೆಗೆದ ಫೋಟೊಗಳಲ್ಲಿ ಇದೂ ಗದ್ದೆ ಮಿಂಚುಳ್ಳಿಯೂ ಎರಡೂ ಬರುತ್ತವೆ. ಗೊಂದಲವಾದರೆ ಹೊಟ್ಟೆ ನೋಡಿ. ಕಡು ಕಂದು ಒಂದು, ಹಳದಿ ಕೇಸರಿ ಇನ್ನೊಂದು.

ಚಿಕ್ಕ ಹಕ್ಕಿಯಾದರೆ ನೆತ್ತಿಯನ್ನು ದೊಡ್ಡದು ಮಾಡಿ ನೋಡಿ. ಕಿರು ಮಿಂಚುಳ್ಳಿಯ ನೆತ್ತಿ ಹಸಿರು ಬೆರೆತ ನೀಲಿ, ಅದರ ಮೇಲೆ ಅಡ್ಡಡ್ಡ ಸಣ್ಣ ತಿಳಿನೀಲಿ ಗೆರೆ. ನೀಲಿಕಿವಿಗೂ ಗೆರೆ ಇವೆ, ಆದರೆ ತಳದ ಬಣ್ಣ ನೇರಳೆಯತ್ತ ವಾಲಿದ ಕಡುನೀಲಿ, ಬಿಳಿ ಬಟ್ಟೆಗೆ ಹಾಕುವ ನೀಲಿಯ ಹಾಗೆ. ಇಷ್ಟಕ್ಕೇ ಹೆಸರು ಬರೆಯಬೇಡಿ, ಯಾಕೆಂದು ಮುಂದೆ ಇದೆ.

## ಹಂತ 4: ಬೆನ್ನು, ಅಂದರೆ ನೀಲಿ

ಮಿಂಚುಳ್ಳಿಯ ಗರಿಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಗರಿಯ ಒಳಗಿನ ತುಂಬ ಸೂಕ್ಷ್ಮ ರಚನೆ ಬೆಳಕಿನಲ್ಲಿರುವ ನೀಲಿಯನ್ನು ಚದುರಿಸಿ ನಮ್ಮ ಕಡೆ ಕಳಿಸುತ್ತದೆ. ಹೊಟ್ಟೆಯ ಕಿತ್ತಳೆ ಹಾಗಲ್ಲ, ಅದು ಬಣ್ಣದ ವಸ್ತು. ಇದರ ಪರಿಣಾಮ ಫೋಟೊದಲ್ಲಿ ನೇರವಾಗಿ ಕಾಣುತ್ತದೆ. ಅದೇ ಕಿರು ಮಿಂಚುಳ್ಳಿ ಬಿಸಿಲಿನಲ್ಲಿ ಹಸಿರುನೀಲಿ, ಮರದ ನೆರಳಿನಲ್ಲಿ ಕಡುನೀಲಿ, ಮೋಡದ ದಿನ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಸೇರಿಕೊಂಡರೆ ನೇರಳೆ. ಕಿತ್ತಳೆ ಮಾತ್ರ ಕಿತ್ತಳೆಯಾಗಿಯೇ ಉಳಿದಿರುತ್ತದೆ. ಅದಕ್ಕೇ ಹೇಳುವುದು, ನೀಲಿಗೂ ಕಿತ್ತಳೆಗೂ ಜಗಳ ಬಂದರೆ ಕಿತ್ತಳೆಯ ಮಾತು ಕೇಳಿ.

ದೊಡ್ಡವುಗಳಲ್ಲಿ ಬೆನ್ನು ಬರೀ ಖಾತ್ರಿ ಮಾಡಿಕೊಳ್ಳಲು. ಗದ್ದೆ ಮಿಂಚುಳ್ಳಿಯ ಬೆನ್ನು, ರೆಕ್ಕೆ, ಬಾಲ ಹೊಳೆಯುವ ಆಕಾಶನೀಲಿ. ಕರಿತಲೆಯದು ನೇರಳೆ ಮಿಶ್ರಿತ ಕಡುನೀಲಿ, ಹೆಗಲಿನ ಮೇಲೆ ದೊಡ್ಡ ಕಪ್ಪು ತೇಪೆ. ಹೆಮ್ಮಿಂಚುಳ್ಳಿಯದು ಹಸಿರುನೀಲಿ, ಬಾಲದ ಬುಡದ ಮೇಲೆ ತಿಳಿನೀಲಿ ಮಿಂಚು. ಹಾರುವಾಗ ತೆಗೆದ ಫೋಟೊದಲ್ಲಿ ರೆಕ್ಕೆಯಲ್ಲಿ ದೊಡ್ಡ ಬಿಳಿ ತೇಪೆ ಕಂಡರೆ ಅದು ಗದ್ದೆ ಮಿಂಚುಳ್ಳಿಯೂ ಆಗಬಹುದು, ಕರಿತಲೆಯೂ ಆಗಬಹುದು, ಹೆಮ್ಮಿಂಚುಳ್ಳಿ ಮಾತ್ರ ಅಲ್ಲ.

ಅಂಡಮಾನ್ ಅಥವಾ ಸುಂದರಬನದ ಫೋಟೊ ಬಂದರೆ ನೆತ್ತಿಯೂ ಬೆನ್ನೂ ಒಂದೇ ಹಸಿರುನೀಲಿ, ಕತ್ತಿಗೆ ಬಿಳಿ ಪಟ್ಟಿ, ಹೊಟ್ಟೆ ಅಚ್ಚ ಬಿಳಿ, ಕೊಕ್ಕು ಕಪ್ಪು ಇರುವ ಇನ್ನೊಂದು ಹಕ್ಕಿ ಸಿಗುತ್ತದೆ. ಅದು ಕಾಲರ್ಡ್ ಕಿಂಗ್‌ಫಿಷರ್. ಅದರ ಕೆಳಕೊಕ್ಕಿನ ಬುಡ ಮಾತ್ರ ತಿಳಿಬಣ್ಣ.

## ಹಂತ 5: ಕಿರು ಮಿಂಚುಳ್ಳಿಯೋ ನೀಲಿಕಿವಿಯೋ

ಬರುವ ಪ್ರಶ್ನೆಗಳಲ್ಲಿ ಅರ್ಧ ಇದೇ ಇರುವುದರಿಂದ ಪ್ರತ್ಯೇಕ ಹಂತ. ಈ ಎರಡನ್ನು ಗಾತ್ರ ಬೇರೆ ಮಾಡುವುದಿಲ್ಲ, ಕೊಕ್ಕು ಬೇರೆ ಮಾಡುವುದಿಲ್ಲ, ನೀಲಿಯನ್ನು ನಂಬುವಂತಿಲ್ಲ. ಉಳಿಯುವುದು ಕಣ್ಣಿನ ಹಿಂದಿನ ಒಂದು ಚೂರು ಜಾಗ.

ಕಣ್ಣಿನಿಂದ ಹಿಂದಕ್ಕೆ ಬೆರಳಿಟ್ಟುಕೊಂಡು ಹೋಗಿ. ಕಿರು ಮಿಂಚುಳ್ಳಿಯಲ್ಲಿ ಮೊದಲು ಕಿತ್ತಳೆ, ಆಮೇಲೆ ಬಿಳಿ. ನೀಲಿಕಿವಿಯಲ್ಲಿ ಮೊದಲು ನೀಲಿ, ಆಮೇಲೆ ಬಿಳಿ. ಕಣ್ಣಿನ ಮುಂದೆ, ಕೊಕ್ಕಿನ ಬುಡದ ಹತ್ತಿರ ಎರಡಕ್ಕೂ ಕಿತ್ತಳೆ ಚುಕ್ಕೆ ಇರುತ್ತದೆ. ಆ ಚುಕ್ಕೆ ತೋರಿಸಿ "ಕಿತ್ತಳೆ ಇದೆಯಲ್ಲ" ಎಂದು ವಾದ ಮಾಡುವವರಿದ್ದಾರೆ. ಕಣ್ಣಿನ ಹಿಂದೆ ನೋಡಬೇಕು, ಮುಂದೆ ಅಲ್ಲ.

ಹಕ್ಕಿ ತಲೆ ತಿರುಗಿಸಿದ್ದರೆ ಕಿವಿಯ ಜಾಗ ನೆರಳಿಗೆ ಹೋಗಿ ನೀಲಿಯಂತೆಯೇ ಕಾಣುತ್ತದೆ. ಒಂದೇ ಫ್ರೇಮ್ ನೋಡಿ ನೀಲಿಕಿವಿ ಎನ್ನಬಾರದು ಎನ್ನುವುದು ಇದಕ್ಕೇ.

ಇನ್ನೊಂದು ಬಲೆ ಇದೆ. ನೀಲಿಕಿವಿಯ ಎಳೆಯ ಹಕ್ಕಿಗೆ ಕಿವಿ ಕಿತ್ತಳೆಯಾಗಿಯೇ ಇರುತ್ತದೆ! ಹೆಸರೇ ಸುಳ್ಳಾಗುವ ವಯಸ್ಸು ಅದು. ಆಗ ನೋಡಬೇಕಾದ್ದು ಗಂಟಲು ಮತ್ತು ಎದೆಯ ಮೇಲ್ಭಾಗದಲ್ಲಿ ಮಸಿ ಸಿಡಿದಂಥ ಮಚ್ಚೆ, ಹೆಚ್ಚುಭಾಗ ಕೆಂಪಗಿದ್ದು ತುದಿ ಮಾತ್ರ ಬಿಳಿಚಿದ ಕೊಕ್ಕು. ಇವೆರಡೂ ಇದ್ದು ಬೆನ್ನೂ ಕಡುನೀಲಿ ಆಗಿದ್ದರೆ ಎಳೆಯ ನೀಲಿಕಿವಿ ಎಂದು ಯೋಚಿಸಬಹುದು. ಕಿರು ಮಿಂಚುಳ್ಳಿಯ ಮರಿ ಬೇರೆ ರೀತಿ: ಮೈ ಮಾಸಲು ಹಸಿರು, ಎದೆ ಅಡ್ಡಕ್ಕೆ ಬೂದು, ಕೊಕ್ಕು ಕಪ್ಪು, ಶುರುವಿನಲ್ಲಿ ಕಾಲೂ ಕಪ್ಪು.

ಜಾಗವನ್ನು ಕೊನೆಗೆ ಸೇರಿಸಿ. ನೀಲಿಕಿವಿ ದಟ್ಟ ನೆರಳಿರುವ ಕಾಡಿನ ಹಳ್ಳ, ಹೊಳೆಗಳ ಹಕ್ಕಿ. ದಾಂಡೇಲಿ, ಗಣೇಶಗುಡಿ ಕಡೆ ಕಾಳಿ ನದಿಯ ಆಸುಪಾಸಿನ ಫೋಟೊ ಆದರೆ ಸಾಧ್ಯತೆ ಇದೆ. ಆದರೆ ಅಲ್ಲಿ ಕಿರು ಮಿಂಚುಳ್ಳಿಯೂ ಇದೆ ಎನ್ನುವುದನ್ನು ಮರೆಯಬೇಡಿ. ಜಾಗ ಅನುಮಾನ ಹುಟ್ಟಿಸಬಹುದು, ತೀರ್ಪು ಕೊಡಲಾರದು.

## ನಿಲ್ಲಿಸಬೇಕಾದ ಸೂಚನೆಗಳು

ಕೆಲವು ಫೋಟೊಗಳಿಗೆ ಉತ್ತರ ಇಲ್ಲ. ಚಿಕ್ಕ ಹಕ್ಕಿಯ ಬರೀ ಬೆನ್ನು ಕಾಣುತ್ತಿದ್ದರೆ "ಚಿಕ್ಕ ಮಿಂಚುಳ್ಳಿ" ಎಂದು ಬರೆದು ಬಿಡಿ. ಎಕ್ಸ್‌ಪೋಷರ್ ಏರಿಸಿದಾಗ ಕಿವಿಯ ಜಾಗದಲ್ಲಿ ಬರೀ ಬಣ್ಣದ ಕಾಳು ಎದ್ದರೆ ಅಲ್ಲಿ ಮಾಹಿತಿಯೇ ಇಲ್ಲ ಎಂದರ್ಥ. ನಾಲ್ಕರಲ್ಲಿ ಮೂರು ಗುರುತು ಒಂದು ಹಕ್ಕಿಗೆ ಹೊಂದಿ ನೀಲಿ ಮಾತ್ರ ಹೊಂದದಿದ್ದರೆ ನೀಲಿಯನ್ನು ಬಿಡಿ. ನೀಲಿ ಮಾತ್ರ ಹೊಂದಿ ಉಳಿದ ಮೂರೂ ಹೊಂದದಿದ್ದರೆ ನೀವು ಮೊದಲೇ ಹೆಸರು ಇಟ್ಟುಕೊಂಡು ಕೂತಿದ್ದೀರಿ, ಮತ್ತೆ ಒಂದನೇ ಹಂತದಿಂದ ಶುರು ಮಾಡಿ.

## ಒಂದು ಫೋಟೊ, ಶುರುವಿನಿಂದ

ಮಲೆನಾಡಿನಲ್ಲಿರುವ ನನ್ನ ಅಕ್ಕನ ಮಗ ಒಂದು ಫೋಟೊ ಕಳಿಸಿದ. ಅಡಿಕೆ ತೋಟದ ಕೆಳಗಿನ ಹಳ್ಳ, ದಂಡೆಯಲ್ಲಿ ನೆಟ್ಟ ಬಿಳಿ ಪೈಪು, ಅದರ ತಲೆಯ ಮೇಲೆ ಹಕ್ಕಿ. ಮೈ ಪೂರ್ತಿ ಕಡುನೀಲಿ, ಕಿವಿಯ ಹತ್ತಿರವೂ ಕತ್ತಲು. "ಮಾವ, ಇದು ನೀಲಿಕಿವಿ ಅಲ್ವಾ? ನಮ್ಮ ತೋಟದಲ್ಲೇ!" ಎಂದು ಕೆಳಗೆ ಬರೆದಿದ್ದ. ಇನ್ನೂ ಎರಡು ಫ್ರೇಮ್ ಇದ್ದರೆ ಫೈಲಾಗಿ ಕಳಿಸು ಎಂದೆ. ಕಳಿಸಿದ.

ಮೊದಲು ಗಾತ್ರ. ಪೈಪು ನಾಲ್ಕಿಂಚಿನದು ಎಂದು ಅವನೇ ಖಚಿತ ಮಾಡಿದ. ಫೋಟೊದಲ್ಲಿ ಪೈಪಿನ ಅಗಲ 330 ಪಿಕ್ಸೆಲ್. 110 ಮಿ.ಮೀ.ಗೆ 330 ಎಂದರೆ ಮಿಲಿಮೀಟರಿಗೆ 3 ಪಿಕ್ಸೆಲ್. ಹಕ್ಕಿಯ ನೆತ್ತಿಯಿಂದ ಬಾಲದ ತುದಿಗೆ 360, ಅಂದರೆ 12 ಸೆಂ.ಮೀ. ಕೊಕ್ಕು 120, ಅಂದರೆ 4 ಸೆಂ.ಮೀ. ಸೇರಿಸಿದರೆ 16. ಗುಬ್ಬಚ್ಚಿ ಗುಂಪು ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಕೊಕ್ಕು. ಮೇಲೆ ಕಪ್ಪು, ಕೆಳಗೆ ಕಿತ್ತಳೆ, ಕೆಳಕೊಕ್ಕಿನ ತುದಿ ಕಪ್ಪು. ಪೂರ್ತಿ ಕೆಂಪಲ್ಲದ ಕಾರಣ ಓಡಿಕೆ ಹೋಯಿತು. ತುದಿ ಬಿಳಿಚಿಲ್ಲ, ಬಣ್ಣದ ಗಡಿ ನೇರವಾಗಿದೆ, ಮಣ್ಣೂ ಅಲ್ಲ. ಬೆಳೆದ ಹೆಣ್ಣು ಎಂದು ಬರೆದುಕೊಂಡೆ. ಪ್ರಭೇದ ಇನ್ನೂ ಗೊತ್ತಿಲ್ಲ.

ನೆತ್ತಿ. ಮೂಲ ಫೈಲಿನಲ್ಲಿ ಎಕ್ಸ್‌ಪೋಷರ್ ಏರಿಸಿದಾಗ ಕಡುನೀಲಿಯ ನಡುವೆ ಹಸಿರು ಕಾಣತೊಡಗಿತು, ಅಡ್ಡಗೆರೆಗಳೂ ಎದ್ದವು. ಕಿರು ಮಿಂಚುಳ್ಳಿಯ ಕಡೆ ತಕ್ಕಡಿ ವಾಲಿತು, ಆದರೆ ಪೂರ್ತಿ ಅಲ್ಲ. ಬೆನ್ನಿನ ನೀಲಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅಡಿಕೆ ಮರದ ನೆರಳಿನಲ್ಲಿ ಅದು ಏನು ಬೇಕಾದರೂ ಆಗಬಹುದು.

ಕೊನೆಗೆ ಕಿವಿ. ಮೊದಲ ಫ್ರೇಮ್‌ನಲ್ಲಿ ಹಕ್ಕಿ ನೀರಿನ ಕಡೆ ತಲೆ ತಿರುಗಿಸಿತ್ತು, ಕಿವಿಯ ಜಾಗ ಬರೀ ನೆರಳು. ಅವನು ನೀಲಿ ಎಂದುಕೊಂಡದ್ದು ಅದನ್ನೇ. ಎರಡನೆಯದರಲ್ಲಿ ತಲೆ ಈ ಕಡೆ ಬಂದಿದೆ, ಸ್ವಲ್ಪ ಅಲುಗಾಡಿದ ಫೋಟೊ, ಅದಕ್ಕೇ ಮೊದಲು ಕಳಿಸಿರಲಿಲ್ಲ. ಕಣ್ಣಿನ ಹಿಂದೆ ಕಿತ್ತಳೆ, ಅದರ ಹಿಂದೆ ಬಿಳಿ. ಎಳೆಯ ನೀಲಿಕಿವಿ ಆಗಿರಬಹುದೇ ಎಂದು ಗಂಟಲು ನೋಡಿದೆ. ಅಚ್ಚ ಬಿಳಿ, ಎದೆಯಲ್ಲಿ ಒಂದು ಮಚ್ಚೆಯೂ ಇಲ್ಲ. ಕಿರು ಮಿಂಚುಳ್ಳಿ, ಹೆಣ್ಣು.

ಹೇಳಿದ ಮೇಲೆ ಅವನು ಅರ್ಧ ದಿನ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಅದೇ ಪೈಪಿನ ಮೇಲೆ ಕೂತ ಇನ್ನೊಂದು ಹಕ್ಕಿಯ ನಾಲ್ಕು ಫ್ರೇಮ್ ಬಂತು, ಈ ಸಲ ಕೇಳದೆಯೇ ಫೈಲಾಗಿ. "ಇದರ ಕೊಕ್ಕು ಪೂರ್ತಿ ಕಪ್ಪು ಮಾವ, ಕಿವಿ ಕಿತ್ತಳೆ. ಅದರ ಗಂಡ, ಅಲ್ವಾ?"

ಗಂಡ ಹೌದೋ ಅಲ್ಲವೋ ಫೋಟೊ ನೋಡಿ ಹೇಳಲಾಗದು, ಗಂಡು ಅಂತೂ ಹೌದು ಎಂದು ಬರೆದೆ.